‘ಹೇಳೋ ಹಾಗಿಲ್ಲ’ ಅಂದ ಮಾತು

ಚಳ್ಳಕೆರೆಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ನಾನು ಬಹಳ ವರ್ಷ ಮೇನೇಜರ್ ಆಗಿದ್ದೆ. ಮೇನೇಜರ್ ಅಂದರೆ ದೊಡ್ಡ ಹೆಸರು, ಅಷ್ಟೆ. ಮಾಲೀಕರ ಕಾಗದ ಬರೆಯುವುದು, ಬಂದ ಫೋನ್ ಎತ್ತುವುದು, ಅವರಿಗೆ ಆಡಲು ಬೇಡವಾದ ಮಾತನ್ನು ಅವರ ಪರವಾಗಿ ಆಡುವುದು, ಇದು ನನ್ನ ಕೆಲಸ. ಮಾತಿನಲ್ಲಿ ನಾನು ಜಾಣ ಎಂದು ಊರೆಲ್ಲ ಅನ್ನುತ್ತಿತ್ತು, ನಾನೂ ನಂಬಿದ್ದೆ.

ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದ. ಮೊಳಕಾಲ್ಮುರಿನವನು. ಎಲ್ಲರೂ ಭಾಯ್ ಅನ್ನುತ್ತಿದ್ದರು. ಗಾಣದ ಸದ್ದು ಕೇಳಿಯೇ ಒಳಗೆ ಯಾವ ಭಾಗ ಸವೆದಿದೆ ಎಂದು ಹೇಳುವ ಆಸಾಮಿ. ಒಂದು ಸೀಸನ್ನಿನಲ್ಲಿ ಮಿಷನ್ ನಿಂತುಹೋಯಿತು. ಮಾಲೀಕರು ಎಲ್ಲರ ಎದುರು ಯಾಕೆ ಎಂದು ಕೇಳಿದಾಗ ಅವನು, ‘ಮೇನೇಜರ್ ಸಾರ್ ತರಿಸಿದ ಗಾಣದ ಸ್ಕ್ರೂ ಗಟ್ಟಿ ಇಲ್ಲ, ನಾನು ಮೊದ್ಲೇ ಬ್ಯಾಡ ಅಂದಿದ್ದೆ’ ಅಂದ. ಅಂದದ್ದು ನಿಜ. ನಿಜವಾದ್ದರಿಂದಲೇ ನನಗೆ ಹೆಚ್ಚು ಉರಿಯಿತು.

ಅದಾದ ಕೆಲವು ದಿನಕ್ಕೆ ಸ್ಟೋರಿನಿಂದ ಮಿಷನ್ನಿನ ಅಚ್ಚಿಗೆ ತೊಡಿಸುವ ಹಿತ್ತಾಳೆ ಬುಷ್‌ಗಳ ಒಂದು ಪೊಟ್ಟಣ ಕಾಣೆಯಾಯಿತು. ಸ್ಟೋರಿಗೆ ಓಡಾಡುತ್ತಿದ್ದವರು ನಾಲ್ಕೈದು ಜನ, ಆದರೆ ಗುಸುಗುಸು ಶುರುವಾದದ್ದು ಭಾಯ್ ಮೇಲೆ. ಯಾರೂ ವಿಚಾರಣೆ ಮಾಡಲಿಲ್ಲ, ಒಂದು ನೋಟಿಸೂ ಕೊಡಲಿಲ್ಲ. ಅವನು ಆ ತಿಂಗಳೇ ರಾಜೀನಾಮೆ ಬರೆದುಕೊಟ್ಟು ಊರಿಗೆ ಹೋದ. ರಿಜಿಸ್ಟರಿನಲ್ಲಿ ‘ಸ್ವಇಚ್ಛೆಯಿಂದ’ ಎಂದು ನಾನೇ ಬರೆದೆ.

ಒಂದು ವರ್ಷದ ಮೇಲೆ ಬಳ್ಳಾರಿ ಕಡೆಯ ಒಂದು ದೊಡ್ಡ ಫ್ಯಾಕ್ಟರಿಯಿಂದ ಕಾಗದ ಬಂತು. ಭಾಯ್ ಅಲ್ಲಿ ಫಿಟ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ, ನಿಮ್ಮಲ್ಲಿ ಎಷ್ಟು ಕಾಲ ಇದ್ದ, ನಡತೆ ಹೇಗೆ, ಯಾಕೆ ಬಿಟ್ಟ, ತಿಳಿಸಿ ಎಂದು. ಕಾಯಂ ಕೆಲಸ. ಅವನಿಗೆ ಮೂರು ಹೆಣ್ಣುಮಕ್ಕಳು, ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಎಂಬುದು ನನಗೆ ಗೊತ್ತಿತ್ತು. ಮಾಲೀಕರು ಕಾಗದವನ್ನು ನನ್ನ ಕಡೆ ತಳ್ಳಿ, ‘ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಕೇಸು ಗೀಸು ಅಂತ ಬಂದ್ರೆ ನೀನೇ ನೋಡ್ಕಾ’ ಅಂದರು.

ನಾನು ಕೋರ್ಟಿನ ಹತ್ತಿರ ಕೂರುವ ನನ್ನ ಶಾಲೆಯ ಗೆಳೆಯನ ಬಳಿ ಹೋದೆ. ಆಗಲೇ ಒಳ್ಳೆಯ ವಕೀಲ ಎನಿಸಿಕೊಂಡಿದ್ದ.

‘ಉತ್ತರ ಕೊಡ್ಲೇಬೇಕು ಅಂತ ಕಾನೂನು ನಿನ್ನ ಕತ್ತು ಹಿಡಿಯಲ್ಲ’ ಅಂದ. ‘ಕೆಲಸ ಮಾಡಿದ ಸರ್ಟಿಫಿಕೇಟ್ ಕೇಳಿದ್ರೆ ಅದು ಬೇರೆ ಮಾತು, ಅದನ್ನ ಕೊಡ್ಬೇಕು. ಆದ್ರೆ ಉತ್ತರ ಕೊಟ್ರೆ ನಿಜಾನೇ ಕೊಡು. ಕೆಟ್ಟದ್ದು ಇದ್ರೂ ಹೇಳ್ಬೋದು. ಆದ್ರೆ ಅದು ದಾಖಲೇಲಿ ಇರ್ಬೇಕು, ಕೇಳ್ದೋರಿಗೆ ಮಾತ್ರ ಹೇಳ್ಬೇಕು, ಸದುದ್ದೇಶ ಇರ್ಬೇಕು. ಹಂಗಿದ್ರೆ ಮಾನನಷ್ಟ ಅಂತ ಬಂದ್ರೂ ನೀನು ಬಚಾವು.’

‘ಬುಷ್ ವಿಷಯ?’

‘ವಿಚಾರಣೆ ಆಗೈತಾ?’

‘ಇಲ್ಲ.’

‘ಹಂಗಾದ್ರೆ ಅದು ಗುಮಾನಿ. ಗುಮಾನೀನ ನಿಜ ಅಂತ ಬರೆದ್ರೆ ಸಿಕ್ಕಿಬೀಳ್ತೀಯ. ದೇವರಂಥ ಮನುಷ್ಯ ಅಂತ ಸುಳ್ಳು ಹೊಗಳಿಕೇನೂ ಬ್ಯಾಡ, ನಂಬಿ ಕೆಟ್ರೆ ಅವ್ರು ನಿನ್ನನ್ನೇ ಕೇಳ್ತಾರೆ. ಇನ್ನೊಂದು ಲೇ, ಹೊಟ್ಟೇಲಿ ಕಿಚ್ಚು ಇಟ್ಕೊಂಡು ಹೇಳಿದ್ರೆ ಆ ಸದುದ್ದೇಶ ಎಲ್ಲಾ ಹೋಗುತ್ತೆ.’

ನಾನು ನಕ್ಕೆ. ಕಿಚ್ಚು ನನಗೆಲ್ಲಿಂದ ಬರಬೇಕು ಅಂದೆ.

ಕಾಗದ ಚೊಕ್ಕಟವಾಗಿ ಬರೆದೆ. ಇಂಥ ದಿನದಿಂದ ಇಂಥ ದಿನದವರೆಗೆ, ಫಿಟ್ಟರ್ ಕೆಲಸ, ಸ್ವಇಚ್ಛೆಯಿಂದ ರಾಜೀನಾಮೆ, ಅವರ ವಿರುದ್ಧ ಯಾವುದೇ ಶಿಸ್ತುಕ್ರಮ ಆಗಿಲ್ಲ. ವಕೀಲ ಓದಿ ಬೆನ್ನು ತಟ್ಟಿದ. ಅಲ್ಲಿಗೆ ಮುಗಿಯಬೇಕಿತ್ತು.

ವಾರದ ಮೇಲೆ ಆ ಫ್ಯಾಕ್ಟರಿಯವರ ಫೋನ್ ಬಂತು. ‘ಕಾಗದ ಸಿಕ್ಕಿತು ಸಾರ್. ಅದು ಸರಿ, ಮನುಷ್ಯ ಹೇಗೆ? ಸ್ಟೋರ್ ಕೀಲಿ ಕೊಡಬಹುದಾ?’ ಅಂದರು.

‘ಕಾಗದದಲ್ಲಿ ಇರೋದಷ್ಟೇ. ಅದಕ್ಕಿಂತ ಹೆಚ್ಚು ನಾನು ಹೇಳೋ ಹಾಗಿಲ್ಲ’ ಅಂದೆ.

‘ಹೇಳೋದೇನಿಲ್ಲ’ ಅನ್ನಬಹುದಿತ್ತು. ಎರಡಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಬಾಗಿಲು ಹಾಕುತ್ತದೆ, ಇನ್ನೊಂದು ಬಾಗಿಲ ಸಂದಿಯಿಂದ ಹೊಗೆ ಬಿಡುತ್ತದೆ. ಆ ಕಡೆಯವರು, ‘ಅರ್ಥ ಆಯ್ತು ಬಿಡಿ ಸಾರ್’ ಅಂದರು. ಅವರಿಗೆ ಏನು ಅರ್ಥವಾಯಿತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಿದ್ದಲಿಲ್ಲ. ಫೋನ್ ಇಟ್ಟಾಗ ಸ್ಕ್ರೂ ವಿಷಯದ ಸೇಡು ತೀರಿದ ಹಾಗೆ ಎದೆ ಹಗುರವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಗುರವಾದದ್ದು ನಿಜ.

ಮುಂದಿನ ತಿಂಗಳು ಭಾಯ್ ಮಿಲ್ಲಿಗೇ ಬಂದ. ಬಳ್ಳಾರಿಯ ಕೆಲಸ ಬೇರೆಯವರ ಪಾಲಾಗಿತ್ತು. ನನ್ನ ಮೇಜಿನ ಮುಂದೆ ನಿಂತು, ‘ನಿಮ್ಮ ಕಾಗದ ತೋರ್ಸಿದ್ರು ಸಾರ್. ನ್ಯಾಯವಾಗಿ ಬರ್ದಿದ್ರಿ. ಅವತ್ತು ಸೀಸನ್ನಾಗೆ ಎಲ್ರ ಮುಂದೆ ನಿಮ್ಮನ್ನ ಅಂದ್ಬಿಟ್ಟಿದ್ದೆ, ಮನಸ್ಸಿಗೆ ಹಾಕ್ಕೊಂಡಿರ್ತೀರಿ ಅಂತ ಹೆದ್ರಿದ್ದೆ. ನನ್ನ ನಸೀಬು ಅಷ್ಟೇ ಐತೆ, ನೀವೇನು ಮಾಡ್ತೀರಿ’ ಅಂದ. ಅದನ್ನು ಹೇಳುವುದಕ್ಕೆಂದೇ ಬಸ್ ಹತ್ತಿ ಬಂದಿದ್ದ. ನಾನು ಟೀ ತರಿಸಿದೆ. ಅವನು ಕುಡಿದ, ನನ್ನಿಂದ ಆಗಲಿಲ್ಲ.

ಅವತ್ತೇ ವಕೀಲನ ಹತ್ತಿರ ಓಡಿದೆ. ಪೂರ್ತಿ ಕೇಳಿ ಅವನು ಕನ್ನಡಕ ತೆಗೆದಿಟ್ಟ. ‘ಸೂಚ್ಯವಾಗಿ ಆಡಿದ ಮಾತೂ ಮಾತೇ ಲೇ, ವ್ಯಂಗ್ಯಾನೂ ಕಾನೂನಿಗೆ ಕಾಣುತ್ತೆ. ಆದ್ರೆ ಇದನ್ನ ಸಾಬೀತು ಮಾಡೋದು ಕಷ್ಟ. ಕೋರ್ಟಿನಾಗೆ ನೀನು ಗೆದ್ರೂ ಗೆಲ್ಬೋದು’ ಅಂದ. ಗೆಲ್ಲುವ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ.

ಬಳ್ಳಾರಿಗೆ ನಾನೇ ಫೋನ್ ಮಾಡಿದೆ. ಭಾಯ್ ಮೇಲೆ ಹೇಳುವಂಥದ್ದು ಏನೂ ಇಲ್ಲ, ಅವತ್ತು ನನ್ನ ಮಾತು ತಪ್ಪಾಗಿ ಬಂತು ಅಂದೆ. ‘ಹಾಗಾದರೆ ಅವತ್ತು ಯಾಕೆ ಹಾಗಂದಿರಿ?’ ಎಂದು ಕೇಳಿದರು. ಮಾತಿನ ಜಾಣನಾದ ನಾನು ‘ಏನೋ ಬಾಯಿತಪ್ಪಿ’ ಅಂದೆ. ಜಾಗ ತುಂಬಿಯಾಗಿದೆ ಎಂದು ಅವರು ಫೋನ್ ಇಟ್ಟರು.

ಆ ಭಾನುವಾರ ಮೊಳಕಾಲ್ಮುರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಭಾಯ್ ಪಂಪ್‌ಸೆಟ್ ಬಿಚ್ಚಿಕೊಂಡು ಕೂತಿದ್ದ. ಸ್ಟೂಲ್ ಒರೆಸಿ ಕೊಟ್ಟ. ಫೋನಿನಲ್ಲಿ ಕೇಳಿದ್ದು ಏನು, ನಾನು ಅಂದದ್ದು ಏನು, ಯಾಕೆ ಅಂದೆ, ಎಲ್ಲ ಹೇಳಿದೆ. ವಕೀಲ ಹೇಳಿದ್ದನ್ನೂ ಹೇಳಿದೆ. ದಾಖಲೆಯಲ್ಲಿ ಇಲ್ಲದ್ದನ್ನು ಆಡಬಾರದು ಎಂಬ ಕಾನೂನನ್ನು ಸ್ವಲ್ಪ ಉದ್ದವಾಗಿಯೇ ವಿವರಿಸಿದೆ. ಅವನು ಬಯ್ಯಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಕೈಯನ್ನು ಹಳೇ ಬಟ್ಟೆಯಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡ.

‘ಬುಷ್ ನಾನು ತಗೊಂಡೆ ಅಂತ ನಿಮಗೆ ಅನ್ಸಿತ್ತಾ ಸಾರ್?’

‘ಇಲ್ಲ ಭಾಯ್. ಒಂದು ದಿನಾನೂ ಅನ್ಸಿಲ್ಲ.’

ಅದು ಸತ್ಯ. ಆ ಗುಸುಗುಸು ನನ್ನ ಕಿವಿಗೆ ಬಿದ್ದಾಗಲೂ ನಾನು ನಂಬಿರಲಿಲ್ಲ.

‘ಕೀಲಿ ಕೊಡಬಹುದಾ ಅಂತ ಅವ್ರು ಕೇಳಿದ್ರು’ ಅಂದ. ‘ಕೊಡಬಹುದು, ನನಗೆ ನಂಬಿಕೆ ಐತೆ ಅನ್ನೋಕೆ ಕಾನೂನು ಅಡ್ಡ ಬರ್ತಿತ್ತಾ?’

‘ಇಲ್ಲ’ ಅಂದೆ.

ಅವನು ತಲೆಯಾಡಿಸಿ ಸ್ಪ್ಯಾನರ್ ಎತ್ತಿಕೊಂಡ. ನಾಲ್ಕು ಗಂಟೆಗೆ ಚಳ್ಳಕೆರೆಗೆ ಒಂದು ಬಸ್ ಇದೆ, ತಪ್ಪಿಸಿಕೋಬೇಡಿ ಅಂದ.