ಆದಂಗೇ ಐತೆ

ಪ್ರಸನ್ನಕುಮಾರ್ ಬರೆದುಕೊಟ್ಟದ್ದನ್ನು ಹ್ಯಾಂಡೋವರ್ ನೋಟ್ಸ್ ಅಂತ ಕರೆಯುವುದಕ್ಕೂ ಧೈರ್ಯ ಬೇಕು. ಹಿರಿಯೂರಿನಾಚೆ ಹೈವೇ ಪಕ್ಕದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವನು ಆಡಳಿತದ ಕೆಲಸ ನೋಡಿಕೊಳ್ಳುತ್ತಿದ್ದ. ದಾವಣಗೆರೆಯಲ್ಲಿ ಬೇರೆ ಕೆಲಸ ಸಿಕ್ಕಿತು, ಹೊರಟ. ಕೆಲಸದ ವಿವರವನ್ನೆಲ್ಲ ಬರೆದು ಕೊಡಪ್ಪಾ ಅಂದರೆ, ಬಸ್ಸಿನಲ್ಲಿ ಕೂತು, ಟೀ ಅಂಗಡಿಯಲ್ಲಿ ನಿಂತು, ಹರಟೆ ಹೊಡೆದ ಹಾಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ.

'ಅನು, ಮಂಗಳವಾರ ಜನರೇಟರ್ ಡೀಸೆಲ್ ನೋಡ್ಕ, ಮರೀಬ್ಯಾಡ. ಕ್ಯಾಂಟೀನಿಗೆ ತರಕಾರಿ ತರೋನು ಮಹಾ ಖದೀಮ, ತೂಕ ಹಾಕ್ಸೇ ಇಳಿಸ್ಕ. ಲಿಫ್ಟ್ ರಿಪೇರಿಯೋನು ಒಂದ್ಸಲಕ್ಕೆ ಫೋನ್ ಎತ್ತಲ್ಲ. ಹಿಂದಿನ ಬಾಗ್ಲು ಆದಂಗೇ ಐತೆ, ತಲೆ ಕೆಡಿಸ್ಕಬ್ಯಾಡ.'

ಇದನ್ನು ಒಪ್ಪವಾದ ದಾಖಲೆ ಮಾಡುವ ಕೆಲಸ ಅನುಪಮಾಳ ಪಾಲಿಗೆ ಬಂತು. ಆ ಕುರ್ಚಿ ಇನ್ನು ಅವಳದೇ ಆಗುವುದಿತ್ತಲ್ಲ! ಆದಿವಾಲದ ಹುಡುಗಿ. ಇದೇ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಟೇಬಲ್ಲಿನ ಮುಂದೆ ನಿಂತು ಅಂಗಿಗಳ ದಾರ ಕತ್ತರಿಸುತ್ತಲೇ ಬಿ.ಕಾಂ. ಮುಗಿಸಿಕೊಂಡವಳು. ಆಫೀಸಿಗೆ ಬಂದ ಮೊದಲ ದಿನ ಕೂತು ಕೆಲಸ ಮಾಡಬಹುದು ಅನ್ನುವುದೇ ಅವಳಿಗೆ ಹಬ್ಬವಾಗಿತ್ತು. ಈಗ ದಾಖಲೆಯ ಕೊನೆಯಲ್ಲಿ 'ವಹಿಸಿಕೊಂಡವರು' ಅನ್ನುವ ಕಡೆ ಸಹಿ ಹಾಕಿದರೆ ಮುಗಿಯಿತು, ಅಡ್ಮಿನ್ ಹುದ್ದೆ ಅವಳದು.

ಕೆಲಸದಲ್ಲಿ ಅವಳು ಅಚ್ಚುಕಟ್ಟು. ಕಲಸುಮೇಲೋಗರವಾಗಿದ್ದ ಮೆಸೇಜುಗಳನ್ನು ಬಿಡಿಸಿ, ದಿನದ ಕೆಲಸ ಒಂದು ಕಡೆ, ವಾರದ್ದು ಇನ್ನೊಂದು ಕಡೆ, ಫೋನ್ ನಂಬರುಗಳು, ಕೀಗಳು ಯಾರ ಹತ್ತಿರ ಇವೆ ಅನ್ನುವುದು, ಬಾಕಿ ಕೆಲಸ, ಹೀಗೆ ಬೇರೆ ಬೇರೆ ಮಾಡಿದಳು. ಬೈಗುಳ ತೆಗೆದಳು, ಅದರೊಳಗಿನ ವಿಷಯ ಬಿಡಲಿಲ್ಲ. 'ಮಹಾ ಖದೀಮ' ಹೋಗಿ 'ತರಕಾರಿಯನ್ನು ತೂಕ ಮಾಡಿಯೇ ಪಡೆಯುವುದು' ಆಯಿತು. ಫೋನ್ ಎತ್ತದ ಲಿಫ್ಟಿನವನ ಹೆಸರಿನ ಮುಂದೆ ಅವನ ಕಂಪನಿಯ ಇನ್ನೊಂದು ನಂಬರು ಬಂತು. ಅರ್ಥವಾಗದ ಸಾಲುಗಳಿಗೆಲ್ಲ ಹಳದಿ ಬಣ್ಣ ಹಚ್ಚಿದಳು, ಅವನನ್ನೇ ಕೇಳಿ ತುಂಬಿದಳು.

ಬಾಕಿ ಕೆಲಸದ ಪಟ್ಟಿಯಲ್ಲಿ 'ಸ್ಥಿತಿ' ಅಂತ ಒಂದು ಕಾಲಂ. ಅಲ್ಲಿ 'ಪೂರ್ಣ' ಅಂತಾದರೂ ಬರೆಯಬೇಕು, 'ಬಾಕಿ' ಅಂತಾದರೂ ಬರೆಯಬೇಕು. ಬಾಗಿಲಿನ ಸಾಲಿಗೆ ಬಂದಾಗ ಅವಳ ಕೈ ನಿಂತಿತು. ಆದಂಗೇ ಐತೆ! ಈ ಸೀಮೆಯಲ್ಲಿ ಮದುವೆಯೂ ಆದಂಗೇ ಇರುತ್ತದೆ, ಮನೆಗೆ ಮಾಡಿನ ಶೀಟೂ ಹೊದಿಸಿದಂಗೇ ಇರುತ್ತದೆ, ನೋಡಲು ಹೋದರೆ ಗೋಡೆಯೇ ಎದ್ದಿರುವುದಿಲ್ಲ. ಪ್ರಸನ್ನಕುಮಾರ್‌ಗೆ ಫೋನ್ ಮಾಡಿದಳು.

"ಅಣ್ಣ, ಹಿಂದಿನ ಬಾಗ್ಲು ಆಗೈತೋ, ಇಲ್ವೋ?"

"ಬಾಗ್ಲು ಹೊಸದು ಕೂರ್ಸೈತಲ್ಲಮ್ಮ. ಒಳಗಿಂದ ತಳ್ಳಿದ್ರೆ ಬಾಗ್ಲು ತೆರ್ಕಣೋ ಬಾರ್ ಮಾತ್ರ ಬಂದಿಲ್ಲ. ಅಲ್ಲೀಗಂಟ ಹೊರಗಿಂದ ಬೀಗ ಹಾಕ್ಸಿದಾರೆ ಮ್ಯಾನೇಜರ್ ಸಾಹೇಬ್ರು, ಹೊಲಿದ ಪೀಸ್ ಕಳುವಾಗ್ತವೆ ಅಂತ. ನಾನೂ ಹೇಳಿ ಹೇಳಿ ಸಾಕಾದೆ."

ಅನುಪಮಾಳಿಗೆ ಮೈಯೆಲ್ಲ ಉರಿದುಹೋಯಿತು. ಅದೇನು ಉಗ್ರಾಣದ ಬಾಗಿಲೇ? ಬೆಂಕಿ ಬಿದ್ದರೆ ಹೊಲಿಗೆ ಹಾಲಿನ ಹೆಂಗಸರೆಲ್ಲ ಓಡಿಹೋಗಲು ಇರುವ ಬಾಗಿಲು! ಕೆಲಸ ನಡೆಯುವಾಗ ಕೀ ಇಲ್ಲದೆ ಒಳಗಿನಿಂದ ತೆರೆಯಬೇಕಾದದ್ದು. ಹಾಲಿನ ತುಂಬ ಬಟ್ಟೆ, ದಾರ, ನೂಲಿನ ಧೂಳು. ಒಂದು ಕಿಡಿ ಸಾಕು. ಅಂಥ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ತಲೆ ಕೆಡಿಸ್ಕಬ್ಯಾಡ ಅಂತಾನಲ್ಲ, ಇವನ ತಲೆಗಿಷ್ಟು!

ಅವಳು ಬರೆದಳು: 'ಸ್ಥಿತಿ: ಬಾಕಿ. ಹೊಸ ಬಾಗಿಲು ಅಳವಡಿಸಲಾಗಿದೆ. ಪುಶ್ ಬಾರ್ ಬಂದಿಲ್ಲ. ಹೊರಗಿನಿಂದ ಬೀಗ ಹಾಕಲಾಗಿದೆ, ಕೂಡಲೇ ತೆಗೆಯಬೇಕು. ಜವಾಬ್ದಾರಿ: ಮ್ಯಾನೇಜರ್ ಗಂಗಾಧರಪ್ಪ.' ಪ್ರಸನ್ನಕುಮಾರ್‌ಗೆ ಕಳಿಸಿದಳು. ಸರಿಯಾಗಿದೆ ಅಂತ ಅವನಿಂದ ಮೇಲ್ ಕೂಡ ಬಂತು.

ಗಂಗಾಧರಪ್ಪ ಕನ್ನಡಕ ಏರಿಸಿ ಓದಿದರು. ಮೊದಲ ಪುಟಗಳಿಗೆ ಭೇಷ್ ಅಂದರು. ಬಾಗಿಲಿನ ಸಾಲಿಗೆ ಬಂದದ್ದೇ ಮುಖ ಹುಳ್ಳಗಾಯಿತು.

"ಏನಮ್ಮ ಇದು? ಮುಂದಿನ ವಾರ ಬಟ್ಟೆ ಕೊಳ್ಳೋ ಬಯ್ಯರ್ ಕಡೆಯೋರು ಆಡಿಟ್ಟಿಗೆ ಬರ್ತಾರೆ, ಇದನ್ನೂ ನೋಡ್ತಾರೆ. ನಿನಗೆ ಭಾಷೆ ನೀಟ್ ಮಾಡು ಅಂದಿದ್ದು, ಕಥೆ ಕಟ್ಟು ಅಂತಲ್ಲ. ಆದಂಗೇ ಐತೆ ಅಂತ ಅವನೇ ಬರ್ದವ್ನೆ. ನೀಟಾಗಿ ಹೇಳಿದ್ರೆ ಪೂರ್ಣ."

"ಆದಂಗೆ ಅಂದ್ರೆ ಆಗಿಲ್ಲ ಅಂತ ಸಾರ್."

"ನಂಗೇ ಕನ್ನಡ ಕಲಿಸ್ತೀಯಾ? ಪೂರ್ಣ ಅಂತ ಹಾಕಿ ಸಹಿ ಮಾಡು. ಈ ಕೆಲ್ಸ ಬೇಕೋ, ಬ್ಯಾಡವೋ? ಚೆಕ್ಕಿಂಗ್ ಟೇಬಲ್ಲು ಅಲ್ಲೇ ಐತೆ, ಖಾಲಿ."

ನೋಡಿ ಈ ದೊಡ್ಡ ಮನುಷ್ಯನ ಮಾತು! ತಪ್ಪು ಇವರದು, ಸಹಿ ಅವಳದು. ನಾಳೆ ಏನಾದರೂ ಆದರೆ, ಬಾಗಿಲು ಸರಿಯಿದೆ ಅಂತ ವಹಿಸಿಕೊಂಡವಳು ಇವಳೇ ಅಲ್ಲವಾ ಅಂತ ಬೆರಳು ತೋರಿಸುವುದೂ ಇವರೇ. ಅನುಪಮಾ ದಾಖಲೆಯನ್ನು ಎತ್ತಿಕೊಂಡಳು.

"ಆಯ್ತು ಸಾರ್, ಪೂರ್ಣ ಅಂತಲೇ ಹಾಕ್ತೀನಿ. ಒಂದ್ಸಲ ಬಂದು ಆ ಬಾಗ್ಲು ತಳ್ಳಿಬಿಡ್ರಿ."

ಎದ್ದು ನಡೆದೇಬಿಟ್ಟಳು. ಗಂಗಾಧರಪ್ಪ ಬೈದುಕೊಳ್ಳುತ್ತ ಹಿಂದೆಯೇ ಬಂದರು. ಹೊಲಿಗೆ ಹಾಲಿನ ಉದ್ದಕ್ಕೂ ಮಷೀನುಗಳ ಸದ್ದು. ಹಿಂದಿನ ಬಾಗಿಲ ಪಕ್ಕದ ಮಷೀನಿನಲ್ಲಿ ಓಬಮ್ಮ ಕಾಲರ್ ಹೊಲಿಯುತ್ತಿದ್ದಳು. ಹಾಲಿನಲ್ಲಿ ಎಲ್ಲರಿಗಿಂತ ಹಿರಿಯಳು.

"ತಳ್ರಿ ಸಾರ್," ಅಂದಳು ಅನುಪಮಾ.

ಅಷ್ಟು ಜನ ಹೆಂಗಸರ ಎದುರು ಹಿಂದೆ ಸರಿಯುವುದು ಹೇಗೆ? ತಳ್ಳಿದರು. ಭುಜ ಕೊಟ್ಟು ತಳ್ಳಿದರು. ಬಾಗಿಲ ಆಚೆ ಬೀಗ ಟಣ್ ಅಂದಿತು, ಅಷ್ಟೇ.

ಓಬಮ್ಮ ಬಾಗಿಲನ್ನೂ ನೋಡಿದಳು, ಅವರನ್ನೂ ನೋಡಿದಳು. "ಅಯ್ಯೋ ಶಿವನೇ! ಹೊಸ ಬಾಗ್ಲು ಕೂರ್ಸಿದ್ರಲ್ಲ ಅಂತ ನಾವು ನಿಶ್ಚಿಂತೆಯಿಂದ ಕುಂತಿದ್ವಿ. ನಮ್ಮನ್ನ ಕೂಡಿಹಾಕಿ ಹೊಲಿಸ್ತಿದೀರೇನ್ರಿ? ನಾವೇನು ಕುರಿಗಳಾ?" ಮಷೀನಿನ ಸ್ವಿಚ್ ಆರಿಸಿ ಎದ್ದು ನಿಂತಳು. ಪಕ್ಕದವಳು ಆರಿಸಿದಳು, ಅವಳ ಪಕ್ಕದವಳೂ ಆರಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಹಾಲಿನಲ್ಲಿ ಫ್ಯಾನುಗಳ ಸದ್ದು ಮಾತ್ರ ಉಳಿಯಿತು.

"ಲೇ ಜುಂಜಯ್ಯ, ಕೀ ತಗೊಂಡು ಹಿಂದಕ್ಕೆ ಹೋಗೋ!" ಗಂಗಾಧರಪ್ಪ ವಾಚ್‌ಮನ್ನಿಗೆ ಫೋನಿನಲ್ಲಿ ಕಿರುಚಿದರು.

ಜುಂಜಯ್ಯ ಕಾಂಪೌಂಡು ಸುತ್ತಿಕೊಂಡು ಓಡಿದ. ಆಚೆಯಿಂದ ಕೀ ತಿರುಗಿಸುವ ಸದ್ದು. ಮತ್ತೆ ತಿರುಗಿಸುವ ಸದ್ದು. ಆಮೇಲೆ ಅವನ ದನಿ: "ಸಾರ್, ಮಳೆಗೆ ತುಕ್ಕು ಹಿಡ್ದೈತೆ. ತಿರುಗ್ತಾ ಇಲ್ಲ."

ಕೀ ಕೈಯಲ್ಲಿದ್ದರೂ ತೆರೆಯದ ಬಾಗಿಲು! ಒಬ್ಬಳು ಮೆಲ್ಲಗೆ ತನ್ನ ಕೂಸಿನ ಹೆಸರು ಹೇಳಿ ಅತ್ತಳು. ಬೀಗ ಒಡೆಯುವುದಕ್ಕೆ ಮೆಕ್ಯಾನಿಕ್ಕು ಸುತ್ತಿಗೆ ತಂದು ಬಡಿಯಬೇಕಾಯಿತು. ಪ್ರತಿ ಏಟಿಗೂ ಒಳಗಿದ್ದವರು ಬೆಚ್ಚುತ್ತಿದ್ದರು. ಕೊನೆಗೊಮ್ಮೆ ಬಾಗಿಲು ತೆರೆದು ಬಿಸಿಲು ಒಳಗೆ ಬಿತ್ತು.

ಗಂಗಾಧರಪ್ಪ ಬೆವರು ಒರೆಸಿಕೊಂಡರು. ಆಮೇಲೆ, ನಾಚಿಕೆ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದಿದ್ದರೆ ತಾನೆ, "ಸರಿ, ತೆಗ್ಸಿದ್ದಾಯ್ತಲ್ಲ. ಈಗ ಪೂರ್ಣ ಅಂತ ಬರಿ," ಅಂದರು.

"ಬೀಗ ತೆಗ್ದಿದ್ದು ಬರೀತೀನಿ. ಬಾರ್ ಬರೋಗಂಟ ಅದು ಬಾಕೀನೇ. ಜವಾಬ್ದಾರಿ ಅಂತ ನಿಮ್ಮ ಹೆಸರೈತೆ, ಅದರ ಮುಂದೆ ಮೊದ್ಲು ನೀವು ಸಹಿ ಹಾಕ್ರಿ. ಆಮೇಲೆ ನಾನು ಹಾಕ್ತೀನಿ. ಇಲ್ಲಾಂದ್ರೆ ಟೇಬಲ್ಲು ಖಾಲಿ ಐತೆ ಅಂದ್ರಲ್ಲ, ಅಲ್ಲಿಗೇ ಹೋಗ್ತೀನಿ."

ಅವರು ಸುತ್ತ ನೋಡಿದರು. ಒಬ್ಬಳೂ ಕೂತಿರಲಿಲ್ಲ, ಒಂದು ಮಷೀನೂ ಓಡುತ್ತಿರಲಿಲ್ಲ. ಅನುಪಮಾ ಕಾಗದವನ್ನು ಓಬಮ್ಮನ ಮಷೀನಿನ ಮೇಲಿಟ್ಟು, ಬೀಗ ತೆಗೆದದ್ದನ್ನು ಬರೆದು, ಪೆನ್ನು ಚಾಚಿದಳು. ಗಂಗಾಧರಪ್ಪ ಬಗ್ಗಿ ಸಹಿ ಹಾಕಿದರು. ಆಮೇಲೆ 'ವಹಿಸಿಕೊಂಡವರು' ಅನ್ನುವ ಕಡೆ ಅನುಪಮಾ ಹಾಕಿದಳು.

ಓಬಮ್ಮನಿಗೆ ಓದು ಬರುತ್ತಿತ್ತು. ಕಾಗದ ಎತ್ತಿಕೊಂಡು ಬಾಗಿಲಿನ ಸಾಲನ್ನು ಹಾಲಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. ಆಮೇಲೆಯೇ ಅವಳು ಕೂತದ್ದು.