ಹನ್ನೆರಡನೆಯ ಹೆಸರು

ನಮ್ಮ ಅಯ್ಯನವರ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಕರಿ ಗ್ರೀಸು ಸದಾ ಮೆತ್ತಿಕೊಂಡಿರುತ್ತಿತ್ತು. ಪ್ಯಾಂಟು ಕೊಳೆಯಾಗದಿರಲೆಂದು ಅದನ್ನು ಮೊಣಕಾಲಿನ ತನಕ ಮಡಚಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿಕೊಳ್ಳುತ್ತಿದ್ದರು. ಭಾನುವಾರ ಬಿಳಿ ನಿಲುವಂಗಿ ತೊಟ್ಟು ವೇದಿಕೆಯ ಮುಂದೆ ಮೊಣಕಾಲೂರಿದಾಗ ನಿಲುವಂಗಿ ಕೊಂಚ ಮೇಲೆ ಸರಿದು ಆ ಕಪ್ಪು ಇಣುಕುತ್ತಿತ್ತು. ಹಿಂದಿನ ಸಾಲಿನ ಹೆಂಗಸರು ಪ್ರಾರ್ಥನೆಯ ನಡುವೆಯೇ ಮುಸಿಮುಸಿ ನಗುತ್ತಿದ್ದರು.

ಸಿರುಗುಪ್ಪ, ಕುರುಗೋಡು, ಸುತ್ತಲಿನ ನಾಲ್ಕಾರು ಹಳ್ಳಿ, ಇಷ್ಟೂ ಊರುಗಳ ಚರ್ಚುಗಳಿಗೆ ಅವರೊಬ್ಬರೇ ಸಭಾಪಾಲಕರು. ಯಾರಾದರೂ ನಡತೆಯ ಪತ್ರ ಕೇಳಲು ಹೋದರೆ, "ನೋಡಿದ್ದು ಬರೀತೀನಿ, ಕೇಳಿದ್ದು ಬರಿಯಂಗಿಲ್ಲ" ಎನ್ನುತ್ತಿದ್ದರು. ಹಾಗೆಂದು ಸುಮ್ಮನೆ ಕೂರುವವರೂ ಅಲ್ಲ. ಮನೆಗೆ ಬಂದು ಚಹಾ ಕುಡಿದು, ತಾಯಿಯನ್ನು ಮಾತಾಡಿಸಿ, ಪಕ್ಕದ ಮನೆಯವರ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತು ಹೋಗುತ್ತಿದ್ದರು. ಪೊಲೀಸರೂ ಇಷ್ಟು ವಿಚಾರಣೆ ಮಾಡುವುದಿಲ್ಲ ಎಂದು ನಮ್ಮವ್ವ ಗೊಣಗುತ್ತಿದ್ದಳು.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ಕುರುಗೋಡಿನಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದೆ. ದೈವಶಾಸ್ತ್ರ ಕಾಲೇಜಿಗೆ ಹೋಗಿ ಸಭಾಪಾಲಕನಾಗಬೇಕೆಂಬುದು ನನ್ನ ಆಸೆ. ಬೇರೆ ಯಾವ ಕೆಲಸವೂ ಮನಸ್ಸಿಗೆ ಹತ್ತುತ್ತಿರಲಿಲ್ಲ. ಅರ್ಜಿ ತರಿಸಿದೆ. ಅದರಲ್ಲಿ ಎರಡು ಭಾಗ. ಒಂದನ್ನು ನಾನು ತುಂಬಬೇಕು. ಇನ್ನೊಂದು ಸಭಾಪಾಲಕರ ಶಿಫಾರಸು. ಅದನ್ನು ಅವರು ಗುಟ್ಟಾಗಿ ತುಂಬಿ, ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ತಾವೇ ಕಳಿಸಬೇಕು. ಅಭ್ಯರ್ಥಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ, ಆರೋಗ್ಯ ಹೇಗಿದೆ, ಮದುವೆ ನಿಶ್ಚಯವಾಗಿದೆಯೇ, ಸಭೆಯಲ್ಲಿ ಏನು ಸೇವೆ ಮಾಡಿದ್ದಾನೆ ಎಂಬ ಪ್ರಶ್ನೆಗಳಿದ್ದವು. ನಡುವೆ ಒಂದು ಸಾಲು: ದೀಕ್ಷಾಸ್ನಾನವಾದ ದಿನ, ದೃಢೀಕರಣವಾದ ದಿನ, ನಡೆಸಿದವರು ಯಾರು. ಆ ಸಾಲು ಓದಿದ್ದೇ ಅರ್ಜಿಯನ್ನು ಮಡಚಿ ಇಟ್ಟುಬಿಟ್ಟೆ.

ಯಾಕೆಂದರೆ ನನಗೆ ದೃಢೀಕರಣವೇ ಆಗಿರಲಿಲ್ಲ.

ನಮ್ಮಲ್ಲಿ ಮಗುವಿದ್ದಾಗ ದೀಕ್ಷಾಸ್ನಾನ. ದೊಡ್ಡವರಾದ ಮೇಲೆ ಆರು ತಿಂಗಳು ಪಾಠ ಕಲಿತು, ಸಭೆಯ ಮುಂದೆ ನಂಬಿಕೆ ಒಪ್ಪಿಕೊಂಡು, ಬಿಷಪ್ಪರಿಂದ ತಲೆಯ ಮೇಲೆ ಕೈ ಇಡಿಸಿಕೊಳ್ಳಬೇಕು. ಅದಾದ ಮೇಲೆಯೇ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ. ನನಗೆ ಹದಿನಾರಾದಾಗ ಹನ್ನೊಂದು ಜನ ಗೆಳೆಯರ ಜೊತೆ ಸಿರುಗುಪ್ಪದಲ್ಲಿ ಪಾಠ ಮುಗಿಸಿದ್ದೆ. ಬಿಷಪ್ಪರು ಬರುವ ಹಿಂದಿನ ದಿನ ಅಕ್ಕನ ಬಾಣಂತನಕ್ಕೆ ಅವ್ವನನ್ನು ಹಚ್ಚೊಳ್ಳಿಗೆ ಬಿಡಲು ಹೋದೆ. ಬೆಳಿಗ್ಗೆ ವಾಪಸು ಬರುವ ಬಸ್ಸು ಕಾಲುವೆಯ ಹತ್ತಿರ ಕೆಟ್ಟು ನಿಂತಿತು. ಓಡೋಡಿ ನಮ್ಮ ಗುಡಿ, ಅಂದರೆ ಚರ್ಚು, ಮುಟ್ಟಿದಾಗ ಆರಾಧನೆ ಮುಗಿದು ಜನ ಊಟಕ್ಕೆ ಕುಳಿತಿದ್ದರು. ನಾನೂ ಎಲೆಯ ಮುಂದೆ ಕುಳಿತೆ. ಯಾರೂ ಏನೂ ಕೇಳಲಿಲ್ಲ. ಮುಂದಿನ ತಿಂಗಳು ಭೋಜನಕ್ಕೆ ಗೆಳೆಯರೆಲ್ಲ ಎದ್ದರು. ನಾನೊಬ್ಬನೇ ಕುಳಿತಿದ್ದರೆ ಮರ್ಯಾದೆ ಹೋದೀತೆಂದು ನಾನೂ ಎದ್ದೆ. ಅಯ್ಯನವರು ನನ್ನ ಅಂಗೈಯಲ್ಲೂ ರೊಟ್ಟಿ ಇಟ್ಟರು. ಹಾಗೆಯೇ ಏಳು ವರ್ಷ ನಡೆಯಿತು.

ಅರ್ಜಿ ಒಯ್ದು ಕೊಟ್ಟಾಗ ಅವರು ಖುಷಿಪಟ್ಟರು. "ಶನಿವಾರ ಸಿರುಗುಪ್ಪಕ್ಕ ಬಾ. ರಿಜಿಸ್ಟರ್ ಅಲ್ಲೇ ಐತಿ, ತಾರೀಖು ನೋಡಿ ಬರದುಬಿಡೂಣು" ಎಂದರು. ಕೊನೆಯ ದಿನಕ್ಕೆ ಇನ್ನು ಹತ್ತೇ ದಿನ ಇತ್ತು. ಶನಿವಾರದವರೆಗೆ ನಾನು ಸರಿಯಾಗಿ ಉಣ್ಣಲಿಲ್ಲ. ಹೇಳಿಬಿಡಲೇ ಅಂದುಕೊಳ್ಳುತ್ತಿದ್ದೆ, ಮರುಗಳಿಗೆ ಏಳು ವರ್ಷದ ಹಿಂದಿನದನ್ನು ಯಾರು ಕೆದಕುತ್ತಾರೆ ಅಂದುಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಪಾಡು ನನ್ನದು.

ಶನಿವಾರ ಗುಡಿಯ ಟ್ರಂಕಿನಿಂದ ಉದ್ದನೆಯ ರಿಜಿಸ್ಟರ್ ತೆಗೆದರು. ದೀಕ್ಷಾಸ್ನಾನ ಸಿಕ್ಕಿತು, ಬರೆದುಕೊಂಡರು. ದೃಢೀಕರಣದ ಪುಟದಲ್ಲಿ ಅವರ ಬೆರಳು ಮೇಲಿನಿಂದ ಕೆಳಕ್ಕೆ ಬಂತು. ಮತ್ತೊಮ್ಮೆ ಮೇಲಿನಿಂದ ಬಂತು.

"ನಿನ್ನ ಹೆಸರಿಲ್ಲಲ್ಲೋ ಇಲ್ಲಿ."

"ಬರಿಯಾಗ ಬಿಟ್ಟು ಹೋಗಿರಬೇಕ್ರಿ ಅಯ್ಯನವರೇ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

"ಬಿಷಪ್ಪರು ಕೆಳಗ ಸಹಿ ಮಾಡಿ ಹನ್ನೊಂದು ಮಂದಿ ಅಂತ ಬರದಾರ. ಹನ್ನೊಂದು ಹೆಸರೂ ಅದಾವು. ಹನ್ನೆರಡನೇದು ಎಲ್ಲಿಂದ ಬರ್ತತಿ?"

ನನಗೆ ಅಳು ಬಂತು. ಬಸ್ಸು, ಕಾಲುವೆ, ಎಲೆಯ ಮುಂದೆ ಕುಳಿತದ್ದು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ರಿಜಿಸ್ಟರ್ ಮುಚ್ಚಿ, "ಈ ಪುಟಾನ ನಾನು ಏಳು ವರ್ಷ ತಗದು ನೋಡಿಲ್ಲ" ಎಂದಷ್ಟೇ ಹೇಳಿದರು.

ಮರುದಿನ ಆರಾಧನೆಯಾದ ಮೇಲೆ ಸಭಾ ಕಮಿಟಿ ಸೇರಿತು. ಶಿಫಾರಸಿನ ಜೊತೆ ಕಮಿಟಿಯ ಠರಾವೂ ಹೋಗಬೇಕಿತ್ತು. ಐವರು ಹಿರಿಯರ ಮುಂದೆ ನಾನೇ ನಿಂತು ಹೇಳಬೇಕಾಯಿತು. ರೊಟ್ಟಿಯ ಮಾತು ಬಂದಾಗ ಒಬ್ಬರು ಮುಖ ತಿರುಗಿಸಿಕೊಂಡರು. ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಬಾಯಿಬಿಟ್ಟರು.

"ಹುಡುಗ ಪಾಠಕ್ಕ ಬಂದಾನಲ್ರಿ. ಅವತ್ತಿನ ತಾರೀಖೇ ಹಾಕಿಬಿಡ್ರಿ. ಅಷ್ಟು ದೂರದಾಗ ಯಾರು ಕೇಳ್ತಾರ?"

ಹಾಕಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಗುಡಿಯಲ್ಲಿ ನಿಂತು ಅಂಥದ್ದನ್ನು ಬೇಡಿಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಮೇಷ್ಟ್ರೇ, ಈ ಕಾಗದ ನಂಬಿ ಅವರು ನಾಳಿ ಇವನ ಕೈಯಾಗ ಒಂದು ಸಭಿ ಕೊಡ್ತಾರ" ಎಂದರು ಅಯ್ಯನವರು. "ಸುಳ್ಳಿನ ಕಾಗದದ ಮ್ಯಾಲೆ ಇವ ಮಂದಿಗೆ ಏನು ಹೇಳ್ಯಾನು?"

ಠರಾವಾಯಿತು. ದೃಢೀಕರಣ ಆಗುವ ಷರತ್ತಿನ ಮೇಲೆ ಶಿಫಾರಸು. ಸೋಮವಾರ ಅಂಚೆ ಕಚೇರಿಯಲ್ಲಿ ಅಯ್ಯನವರು ಲಕೋಟೆಯನ್ನು ರಿಜಿಸ್ಟರ್ ಮಾಡಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಹಿಡಿದುಕೊಳ್ಳಲು ಕೈ ಚಾಚಿದರೆ, "ಇದು ನಿಂದಲ್ಲ" ಎಂದು ತಮ್ಮ ಎಡಗೈಗೆ ಬದಲಾಯಿಸಿಕೊಂಡರು. ಒಳಗೆ ನನ್ನನ್ನು ಏನೆಂದು ಬರೆದಿದ್ದಾರೋ ತಿಳಿಯದೆ ಆರು ವಾರ ಬೆಂದೆ.

ಆಮೇಲೆ ಬಳ್ಳಾರಿಯಲ್ಲಿ ಸಂದರ್ಶನವಾಯಿತು. ಮೇಜಿನ ಆಚೆ ನಾಲ್ವರಿದ್ದರು. ಅಧ್ಯಕ್ಷರು ಕಾಗದವೊಂದನ್ನು ಬಿಚ್ಚಿ, ಒಂದು ಸಾಲನ್ನಷ್ಟೇ ಓದಿದರು: "ಅಭ್ಯರ್ಥಿಗೆ ದೃಢೀಕರಣವಾಗಿಲ್ಲ. ಆದರೂ ಏಳು ವರ್ಷ ಭೋಜನದಲ್ಲಿ ಪಾಲು ಕೊಟ್ಟಿದ್ದೇನೆ. ರಿಜಿಸ್ಟರ್ ನೋಡುವುದು ನನ್ನ ಕರ್ತವ್ಯ. ಈ ತಪ್ಪು ನನ್ನದು."

ಕಾಗದ ಮಡಚಿ, "ನೀವೇನಂತೀರಿ? ತಪ್ಪು ಅವರದೇನು?" ಎಂದು ಕೇಳಿದರು. ಹೌದು ಎಂದಿದ್ದರೆ ಪಾರಾಗುತ್ತಿದ್ದೆ.

"ಅಲ್ರಿ. ಗೊತ್ತಿದ್ದು ಕೈ ಚಾಚಿದವ ನಾನು" ಎಂದೆ.

ಆಯ್ಕೆಯಾದೆ. ಕಾಲೇಜು ತೆರೆಯುವ ಮುಂಚೆ ಬಿಷಪ್ಪರು ಕುರುಗೋಡಿಗೆ ಬಂದು, ಇಪ್ಪತ್ಮೂರು ವರ್ಷದ ನನ್ನೊಬ್ಬನ ತಲೆಯ ಮೇಲೆ ಕೈ ಇಟ್ಟರು. ಸಂದರ್ಶನದಲ್ಲಿ ಓದಿದ ಆ ಸಾಲಿನ ಬಗ್ಗೆ ಅಯ್ಯನವರ ಹತ್ತಿರ ಬಾಯಿಬಿಡಹೋದರೆ, "ಗುಟ್ಟಿನ ಕಾಗದ ಅದು, ನನಗ್ಯಾಕ ಹೇಳ್ತಿ?" ಎಂದು ಎದ್ದು ಹೋದರು.

ಅವರು ತೀರಿಕೊಂಡಾಗ ನಾನು ದೂರದ ಸಭೆಯೊಂದರಲ್ಲಿದ್ದೆ. ಮಣ್ಣಿಗೆ ಬಂದೆ, ಪ್ರಸಂಗ ಮಾಡುವುದನ್ನೂ ನನಗೇ ಒಪ್ಪಿಸಿದರು. "ನಮ್ಮ ಅಯ್ಯನವರಿಗೆ ಈ ಹಳ್ಳಿಗಳೆಂದರೆ ಪ್ರಾಣ. ಬಳ್ಳಾರಿಯ ದೊಡ್ಡ ಸಭೆಯನ್ನು ಎಂದೂ ಬಯಸಲಿಲ್ಲ, ನಿವೃತ್ತಿಯಾಗುವ ತನಕ ಸೈಕಲ್ ತುಳಿದರು" ಎಂದು ಎದೆ ತುಂಬಿ ಹೇಳಿದೆ. ಜನ ಕಣ್ಣೊರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಅಯ್ಯನವರ ಹೆಂಡತಿ, ನಮ್ಮ ಅಮ್ಮನವರು, ಒಳಗೆ ಕರೆದು ಒಂದು ಹಳೆಯ ಕಾಗದ ಕೈಗಿಟ್ಟರು. ನಾನು ಆಯ್ಕೆಯಾದ ತಿಂಗಳಲ್ಲೇ ಬಿಷಪ್ಪರ ಕಚೇರಿಯಿಂದ ಅಯ್ಯನವರಿಗೆ ಬಂದದ್ದು. ರಿಜಿಸ್ಟರಿನ ವಿಷಯದಲ್ಲಿ ತೋರಿದ ಅಲಕ್ಷ್ಯವನ್ನು ತಾವೇ ಒಪ್ಪಿಕೊಂಡಿರುವುದರಿಂದ, ತಮ್ಮನ್ನು ಬಳ್ಳಾರಿ ಸಭೆಗೆ ವರ್ಗಾಯಿಸುವ ಆದೇಶವನ್ನು ರದ್ದು ಮಾಡಲಾಗಿದೆ ಎಂದಿತ್ತು.

ನನಗೆ ತಲೆ ಎತ್ತಲಾಗಲಿಲ್ಲ. ಈಗಷ್ಟೇ ಇಡೀ ಸಭೆಯ ಮುಂದೆ ಆಡಿದ ಮಾತು ಕಿವಿಯಲ್ಲಿ ಸುಡುತ್ತಿತ್ತು. "ಅಮ್ಮನವರೇ, ನಾನು ಅಲ್ಲಿ ನಿಂತು ಸುಳ್ಳು ಹೇಳಿದೆನಲ್ರಿ" ಎಂದೆ.

"ಸುಳ್ಳೇನಲ್ಲಪ್ಪ" ಎಂದರು ಅವರು. "ಮಗಳ ಸಾಲಿ ಓದಿಗೆ ಅಂತ ಬಳ್ಳಾರಿಗೆ ಹೋಗಾಕ ಗಂಟು ಕಟ್ಟಿ ಇಟ್ಟಿದ್ವಿ. ಬಿಚ್ಚಿದಿವಿ. ಈ ಊರು ಇಷ್ಟ ಆಗಾಕ ಅವರಿಗೆ ಎರಡು ವರ್ಷ ಹಿಡೀತು. ಆಮ್ಯಾಲ ನೀ ಹೇಳಿದಂಗ ಆತು."