ಸುಕ್ಕಿಗೆ ವಾರಕ್ಕೊಂದೇ ಸ್ನಾನ

ನನ್ನ ಚಿಕ್ಕಮ್ಮ ಜೀವಮಾನವಿಡೀ ಬೇರೆಯವರ ಕೂದಲು ಕತ್ತರಿಸಿ ಬದುಕಿದವಳು. ಬಸ್‌ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಯ ಪಾರ್ಲರ್ ಅವಳದು. ಅಂಥವಳು ಕೊನೆಗೆ ಕೂದಲೇ ಇಲ್ಲದ ಬೆಕ್ಕಿಗೆ ಗಂಟುಬಿದ್ದಳು ಎಂದು ನಮ್ಮ ನೆಂಟರು ಇವತ್ತಿಗೂ ಹಲ್ಲು ಕಿಸಿಯುತ್ತಾರೆ. ಕಿಸಿಯಲಿ. ಅವರ ಪೈಕಿ ಯಾರೂ ಆ ಬೆಕ್ಕನ್ನು ಒಂದು ಸಲವೂ ತೊಡೆಯ ಮೇಲೆ ಕೂರಿಸಿಕೊಂಡವರಲ್ಲ.

ಬೆಕ್ಕು ಬಂದದ್ದು ಒಬ್ಬ ಗಿರಾಕಿಯ ಮನೆಯಿಂದ. ಕೂದಲು ಉದುರುವುದಿಲ್ಲ, ಹಾಗಾಗಿ ಕೆಲಸವೇ ಇರುವುದಿಲ್ಲ ಎಂದುಕೊಂಡು ಆಕೆ ಅದನ್ನು ತಂದಿದ್ದಳು. ತಿಂಗಳೊಳಗೆ ಅವಳ ಬಿಳಿ ಸೋಫಾ ಕಂದು ಬಣ್ಣಕ್ಕೆ ತಿರುಗಿತು. "ಇದು ಎಣ್ಣೆ ಗಾಣ ಕಣ್ರೀ, ಬೆಕ್ಕಲ್ಲ" ಎಂದು ಬುಟ್ಟಿಯ ಸಮೇತ ಪಾರ್ಲರಿನ ಮೆಟ್ಟಿಲ ಮೇಲೆ ಇಟ್ಟು ಹೋದಳು. ಚಿಕ್ಕಮ್ಮ ಬುಟ್ಟಿಯೊಳಗೆ ಇಣುಕಿದಳು. ಹಣೆಯ ತುಂಬ ಸುಕ್ಕು, ಚಾಚಿದ ಕಿವಿ, ಮುಟ್ಟಿದರೆ ಮಾತ್ರ ತಿಳಿಯುವಷ್ಟು ನವಿರು. ಅಲ್ಲೇ ಅದಕ್ಕೆ ಸುಕ್ಕಿ ಎಂದು ಹೆಸರಾಯಿತು.

ಸುಕ್ಕಿಯ ಚಾಕರಿ ಮೈಮುರಿಯುವಂಥದ್ದು. ಬೇರೆ ಬೆಕ್ಕುಗಳ ಚರ್ಮದ ಎಣ್ಣೆ ಕೂದಲಿಗೆ ಹರಡಿಕೊಳ್ಳುತ್ತದೆ. ಇದಕ್ಕೆ ಕೂದಲಿಲ್ಲವಾದ್ದರಿಂದ ಎಣ್ಣೆ ಮೈಮೇಲೇ ಕೂರುತ್ತದೆ, ಮಲಗಿದ ಕಡೆಗೆಲ್ಲ ಅಂಟುತ್ತದೆ. ಕಿವಿಯಲ್ಲಿ ಕಪ್ಪು ಗುಗ್ಗೆ, ಉಗುರಿನ ಸಂದಿಯಲ್ಲಿ ಕಂದು ಜಿಡ್ಡು. ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಶನಿವಾರ ಪಾರ್ಲರ್ ಮುಚ್ಚಿದ ಮೇಲೆ ಬಾಗಿಲು, ಕಿಟಕಿ ಹಾಕಿ ಬಚ್ಚಲು ಬೆಚ್ಚಗೆ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಬೆಕ್ಕಿನ ಶಾಂಪೂ ಹಾಕಿ ಸ್ನಾನ. ಬಿಸಿ ಮಾಡಿಟ್ಟ ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಚಿಕ್ಕಮ್ಮ ಕೂರುತ್ತಿದ್ದಳು. ಚಳಿಗೆ ಅವಳೇ ಹೊಲಿದ ಹತ್ತಿಯ ಅಂಗಿ. ಅದನ್ನೂ ದಿನಾ ಬಿಚ್ಚಿ ಒಗೆಯಬೇಕು, ಇಲ್ಲದಿದ್ದರೆ ಜಿಡ್ಡು ಕೂತು ಮೈಯೆಲ್ಲ ಗುಳ್ಳೆ. ಬಿಸಿಲಿಗಂತೂ ಬೆಳಗಿನ ಹೊತ್ತು ಸ್ವಲ್ಪವೇ. ಒಮ್ಮೆ ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ ನಿದ್ದೆ ಹೋಗಿ ಬೆನ್ನು ಕೆಂಪಾಗಿತ್ತು. ಅಂದಿನಿಂದ ಹನ್ನೊಂದರ ನಂತರ ಪರದೆ ಎಳೆದೇ ಇರುತ್ತಿತ್ತು. ಇಷ್ಟೆಲ್ಲ ನೋಡಿ ನಾನು, "ಮಗು ಸಾಕೋದು ಇದಕ್ಕಿಂತ ಸುಲಭ ಅಲ್ವಾ ಚಿಕ್ಕಮ್ಮ?" ಎಂದಿದ್ದೆ.

"ಮಗು ದೊಡ್ಡದಾಗಿ ಎದುರುತ್ತರ ಕೊಡುತ್ತೆ, ನಿನ್ನ ಹಾಗೆ" ಎಂದಿದ್ದಳು.

ನಾವಿಬ್ಬರೂ ಇದ್ದದ್ದು ಒಂದು ಅಪಾರ್ಟ್‌ಮೆಂಟಿನ ಬಾಡಿಗೆ ಮನೆಯಲ್ಲಿ. ತಕರಾರು ಶುರುವಾದದ್ದು ಮೆಟ್ಟಿಲ ಬಳಿಯ ಗೋಡೆಯಿಂದ. ಸುಕ್ಕಿ ಮೈ ಉಜ್ಜಿಕೊಂಡು ನಡೆಯುವ ಎತ್ತರದಲ್ಲಿ ಒಂದು ಕಂದು ಗೆರೆ ಮೂಡಿತ್ತು. ಸಂಘದ ಕಾರ್ಯದರ್ಶಿ ಮನೆಗೇ ಬಂದ. ಇಸ್ತ್ರಿ ಮಾಡಿದ ಕರವಸ್ತ್ರವನ್ನು ಮೂಗಿನಿಂದ ತೆಗೆಯದೆ, "ನೋಡಿ ಮೇಡಂ, ಅದಕ್ಕೆ ಚರ್ಮರೋಗ ಇದೆ. ಮಕ್ಕಳಿರೋ ಜಾಗ. ಮುಂದಿನ ಸಭೆಯೊಳಗೆ ಅದು ಕ್ಲೀನಾಗಿರಬೇಕು. ಇಲ್ಲಾಂದ್ರೆ ಬೆಕ್ಕನ್ನ ಕಳಿಸಿ, ಆಗಲ್ಲ ಅಂದ್ರೆ ನೀವೂ ಹೊರಡಿ" ಎಂದ.

ಯಾರ ಮಾತಿಗೂ ಸೊಪ್ಪು ಹಾಕದ ಚಿಕ್ಕಮ್ಮ ಅಂದು ಮಾತ್ರ ಬಗ್ಗಿದಳು. ಮನೆ ಬಿಟ್ಟರೆ ಪಾರ್ಲರಿಗೆ ನಡೆದು ಹೋಗುವಷ್ಟು ಹತ್ತಿರ ಇನ್ನೊಂದು ಸಿಗುವುದು ಕಷ್ಟ. ಸುಕ್ಕಿಯನ್ನು ಕಳಿಸುವುದು ಅವಳಿಂದ ಆಗದ ಮಾತು. ಜಿಡ್ಡು ತಲೆಯ ಗಿರಾಕಿ ಬಂದರೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಪಾರ್ಲರಿನಿಂದ ಎಣ್ಣೆಗೂದಲಿನ ಖಡಕ್ ಶಾಂಪೂ ತಂದು ಸುಕ್ಕಿಯನ್ನು ದಿನಾ ತೊಳೆದಳು. ಒರೆಸಿದ ಬಿಳಿ ಟವೆಲ್ ಬಿಳಿಯಾಗಿಯೇ ಉಳಿಯಿತು. "ನೋಡಲಿ ಈಗ ಬಂದು" ಎಂದು ಬೀಗಿದಳು.

ಬೀಗಿದ್ದು ಬಹಳ ದಿನ ನಡೆಯಲಿಲ್ಲ. ಸುಕ್ಕಿಯ ಕುತ್ತಿಗೆ ಒಣಗಿ ಬಿರಿಯಿತು, ಬೆನ್ನಿನಿಂದ ಹೊಟ್ಟು ಉದುರಿತು, ತೊಡೆಯ ಸಂದಿ ಕೆಂಪಾಗಿ ಅದು ರಾತ್ರಿ ಹಗಲು ಕೆರೆದುಕೊಳ್ಳತೊಡಗಿತು. ರೋಗವಿಲ್ಲದ ಬೆಕ್ಕು ಈಗ ನಿಜಕ್ಕೂ ರೋಗ ಬಡಿದಂತೆ ಕಾಣುತ್ತಿತ್ತು. ಬಚ್ಚಲಿನ ನಲ್ಲಿ ತಿರುಗಿಸಿದ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಓಡುತ್ತಿತ್ತು. ಅದು ಚಿಕ್ಕಮ್ಮನಿಂದ ಬಚ್ಚಿಟ್ಟುಕೊಂಡದ್ದು ಅದೇ ಮೊದಲು.

ಬೆಕ್ಕುಗಳ ಡಾಕ್ಟರಮ್ಮ ಚರ್ಮ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಹುಳ ಏನೂ ಕಾಣ್ತಿಲ್ಲ. ಯಾವುದರಲ್ಲಿ ತೊಳೀತಿದ್ರಿ?" ಎಂದು ಕೇಳಿದರು. ಚಿಕ್ಕಮ್ಮ ಹೇಳಿದಳು.

"ಅಯ್ಯೋ ಅಮ್ಮಾ, ಆ ಎಣ್ಣೆ ಕೊಳೆಯಲ್ಲ, ಅದರ ಚರ್ಮಕ್ಕೆ ಬೇಕಾದ್ದು. ನೀವು ಅದನ್ನೇ ಕಿತ್ತು ಹಾಕಿದ್ದೀರಿ. ಗಾಯ ವಾಸಿಯಾಗೋ ತನಕ ಸ್ನಾನ ಬೇಡ, ಈ ಮುಲಾಮು ಹಚ್ಚಿ. ನೆಕ್ಕದ ಹಾಗೆ ಕೊರಳಪಟ್ಟಿ ಇರಲಿ. ಆಮೇಲೆ ವಾರಕ್ಕೊಂದು ಸಲ, ಬೆಕ್ಕಿನ ಶಾಂಪೂನೇ."

"ಸಭೆ ಇದೆ ಡಾಕ್ಟ್ರೇ. ಎಣ್ಣೆ ಮತ್ತೆ ಬರುತ್ತಲ್ಲ?"

"ಬರುತ್ತೆ. ಬರಲೇಬೇಕು."

ಮನೆಗೆ ಬಂದವಳೇ ಚಿಕ್ಕಮ್ಮ ಆ ಶಾಂಪೂ ಸೀಸೆಯನ್ನು ಕಸದ ಬುಟ್ಟಿಗೆ ಎಸೆದು, ಮಂಚದ ಪಕ್ಕ ನೆಲದ ಮೇಲೆ ಕೂತು ಅತ್ತಳು. "ಯಾವನೋ ಮೂಗು ಮುಚ್ಚಿಕೊಂಡ ಅಂತ ಇದರ ಮೈ ಸುಲಿದೆನಲ್ಲೇ" ಎಂದಳು. ನನಗೂ ಕಣ್ಣು ತುಂಬಿತು, ಜೊತೆಗೆ ಮೈಯೆಲ್ಲ ಉರಿಯಿತು, ಆ ಕರವಸ್ತ್ರದವನ ಮೇಲೆ.

ಸಭೆಯ ಹೊತ್ತಿಗೆ ಗಾಯ ಒಣಗಿತ್ತು, ಎಣ್ಣೆಯೂ ಮರಳಿತ್ತು. ಚಿಕ್ಕಮ್ಮ ಸುಕ್ಕಿಯನ್ನು ಅಂಗಿ ಹಾಕಿ ಎತ್ತಿಕೊಂಡು ಹೋದಳು, ತೊಳೆಯದೆ. ಬಿಳಿ ಕರವಸ್ತ್ರವೊಂದನ್ನು ಎಲ್ಲರ ಎದುರು ಅದರ ಕುತ್ತಿಗೆಗೆ ಒರೆಸಿ, ಕಂದು ಕಲೆ ತೋರಿಸಿದಳು.

"ಇದು ರೋಗ ಅಲ್ಲ. ಇದರ ಮೈಯೆಣ್ಣೆ. ಅಂಟುತ್ತೆ, ಅದು ನಿಜ. ಮೆಟ್ಟಿಲ ಗೋಡೆ ನಾನೇ ಒರೆಸಿ ಕೊಡ್ತೀನಿ, ಇನ್ನು ಎತ್ತಿಕೊಂಡೇ ಓಡಾಡ್ತೀನಿ."

ಎದುರು ಮನೆಯ ಅಜ್ಜಿ ತಲೆಯಾಡಿಸಿದರು. ಒಂದಿಬ್ಬರು ಹೋಗಲಿ ಬಿಡಿ ಎಂದರು. ಕಾರ್ಯದರ್ಶಿಗೂ ಮುಗಿಸಿ ಊಟಕ್ಕೆ ಹೋಗಬೇಕಿತ್ತು. "ಆಯ್ತು ಮೇಡಂ, ನಂದೂ ಬೇಡ ನಿಮ್ದೂ ಬೇಡ. ದಿನ ಬಿಟ್ಟು ದಿನ ಸ್ನಾನ ಮಾಡಿಸ್ತೀನಿ ಅಂತ ಒಂದು ಮಾತು ಕೊಡಿ, ಇಲ್ಲೇ ಇರಿ" ಎಂದ.

ನಾನು ಅವಳ ಮೊಣಕೈ ಚಿವುಟಿದೆ. ಹೂಂ ಅಂದುಬಿಟ್ಟರೆ ಮುಗಿಯಿತು, ಬಚ್ಚಲಿಗೆ ಬಂದು ನೋಡುವವರು ಯಾರು? ಚಿಕ್ಕಮ್ಮ ನನ್ನ ಕೈ ಸರಿಸಿದಳು.

"ಇಲ್ಲ."

"ಬರೀ ಒಂದು ಮಾತು ಮೇಡಂ."

"ಒಂದು ಸಲ ನಿಮ್ಮ ಮಾತು ಕೇಳಿ ಇದರ ಚರ್ಮ ಕಿತ್ತಿದ್ದೀನಿ. ಸುಳ್ಳಿಗೂ ಇನ್ನೊಂದು ಸಲ ಹೂಂ ಅನ್ನಲ್ಲ. ಶನಿವಾರ ಒಂದೇ ಸ್ನಾನ. ಇರಿಸಿಕೊಳ್ಳೋದಾದ್ರೆ ಹಾಗೇ ಇರಿಸಿಕೊಳ್ಳಿ."

ಇರಿಸಿಕೊಳ್ಳಲಿಲ್ಲ. ಮನೆಯ ಮಾಲೀಕ ಮರುದಿನವೇ ಖಾಲಿ ಮಾಡಲು ಹೇಳಿದ. ನಾನು ಚಿಕ್ಕಮ್ಮನ ಮೇಲೆ ರೇಗಿದೆ, ಊಟ ಬಿಟ್ಟೆ. ಆದರೆ ಒಳಗೊಳಗೇ, ಆ ಸಭೆಯಲ್ಲಿ ತಲೆಯೆತ್ತಿ ನಿಂತವಳು ನನ್ನ ಚಿಕ್ಕಮ್ಮ ಎಂದು ಹೆಮ್ಮೆಯಾಗಿತ್ತು.

ಮನೆ ಹುಡುಕುತ್ತ ಅಲೆದೆವು. ಹೋದಲ್ಲೆಲ್ಲ ಚಿಕ್ಕಮ್ಮ ಕೋಣೆ ನೋಡುವ ಮೊದಲೇ ಬುಟ್ಟಿಯ ಮುಚ್ಚಳ ತೆಗೆಯುತ್ತಿದ್ದಳು. ಅದನ್ನು ನೋಡಿ ಬಾಗಿಲು ಹಾಕಿಕೊಂಡವರೇ ಹೆಚ್ಚು. ಒಂದು ಸಂಜೆ, ಚಳಿಗಾಳಿ ಬೀಸುತ್ತಿದ್ದಾಗ, ಹೊಲಿಗೆಯಂತ್ರದ ಮುಂದೆ ಕೂತಿದ್ದ ಒಬ್ಬ ಮನೆಯೊಡತಿಯ ಹೊಸ್ತಿಲಲ್ಲೇ ನಿಂತು ಚಿಕ್ಕಮ್ಮ ಹೇಳಿದಳು:

"ಇದಕ್ಕೆ ರೋಗ ಇಲ್ಲ. ಎಣ್ಣೆ ಇದೆ, ಗೋಡೆಗೆ ಅಂಟುತ್ತೆ. ವಾರಕ್ಕೊಂದು ಸಲಕ್ಕಿಂತ ಹೆಚ್ಚು ತೊಳೆಯಲ್ಲ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ."

ಆಕೆ ಕನ್ನಡಕ ಮೇಲೇರಿಸಿ ಸುಕ್ಕಿಯನ್ನೇ ನೋಡಿದರು.

"ಗೋಡೆ ಆಮೇಲೆ ನೋಡೋಣ. ಮೊದಲು ಒಳಗೆ ಬಂದು ಬಾಗಿಲು ಹಾಕಮ್ಮ, ಅದು ನಡುಗ್ತಾ ಇದೆ."